ಒಂದೇ ಸಾಲು, ಮೂರು ಕಥೆ

ಡೇಟಾ ಸ್ಟ್ರಕ್ಚರ್ಸ್ ಪೇಪರು ತಿದ್ದುವವರಲ್ಲಿ ಎರಡು ಬಗೆ. ಒಂದು ಬಗೆಯವರು ಉತ್ತರದ ಕೊನೆಯ ಸಾಲನ್ನು ಮಾತ್ರ ನೋಡಿ, ಪಕ್ಕದಲ್ಲಿಟ್ಟುಕೊಂಡ ಸ್ಕೀಮ್‌ಗೆ ಹೋಲಿಸಿ, ಸರಿ ಅಥವಾ ತಪ್ಪು ಎಂದು ಗುರುತು ಹಾಕಿ ಮುಂದೆ ಹೋಗುತ್ತಾರೆ. ಇನ್ನೊಂದು ಬಗೆಯವರು ಆ ಸಾಲಿನ ಮೇಲೆ, ಕೆಳಗೆ, ಅಂಚಿನಲ್ಲಿ ವಿದ್ಯಾರ್ಥಿ ಏನೇನು ಗೀಚಿದ್ದಾನೆ ಎಂದು ನೋಡುತ್ತಾರೆ. ಮೊದಲನೆಯವರು ಒಂದು ಗಂಟೆಯಲ್ಲಿ ಮುಗಿಸುವುದನ್ನು ಎರಡನೆಯವರು ಇಡೀ ಸಂಜೆ ಮಾಡುತ್ತಾರೆ. ನಾನು ಎರಡನೆಯ ಬಗೆ. ಇದರಲ್ಲಿ ನನ್ನ ದೊಡ್ಡಸ್ತಿಕೆಯೇನೂ ಇಲ್ಲ. ಈ ವಿಷಯದಲ್ಲಿ ಕೊನೆಯ ಸಾಲು ಎಷ್ಟು ಕಡಿಮೆ ಹೇಳುತ್ತದೆ ಎನ್ನುವುದು ನನಗೆ ಬ್ಲೂ ಬುಕ್‌ಗಳ ನಡುವೆ ಕೂತೂ ಕೂತೂ ಗೊತ್ತಾಯಿತು.

ನಾನು ಕಂಪ್ಯೂಟರ್ ಸೈನ್ಸ್‌ನಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಫೆಲೋಶಿಪ್ಪಿನ ಜೊತೆಗೆ ವಿಭಾಗದ ಕೆಲಸವೂ ಬರುತ್ತದೆ. ಲ್ಯಾಬ್ ನೋಡಿಕೊಳ್ಳುವುದು, ಇಂಟರ್ನಲ್ಸ್ ಕೊಠಡಿಯಲ್ಲಿ ನಿಲ್ಲುವುದು, ಮೂರನೇ ಸೆಮಿಸ್ಟರಿನ ಬ್ಲೂ ಬುಕ್ ತಿದ್ದುವುದು. ಇಂಜಿನಿಯರಿಂಗ್ ಓದದವರಿಗೆ ಒಂದು ಮಾತು: ಇಂಟರ್ನಲ್ಸ್ ಎಂದರೆ ಸೆಮಿಸ್ಟರಿನ ನಡುವೆ ಕಾಲೇಜೇ ನಡೆಸುವ ಕಿರು ಪರೀಕ್ಷೆ, ಬ್ಲೂ ಬುಕ್ ಅದರ ಉತ್ತರ ಪುಸ್ತಿಕೆ. ಕಿರು ಪರೀಕ್ಷೆಯಾದರೂ ಅದರಲ್ಲಿ ಕನಿಷ್ಠ ಅಂಕ ಬಾರದಿದ್ದರೆ ಆ ವಿಷಯದ ಸೆಮಿಸ್ಟರ್ ಪರೀಕ್ಷೆಗೆ ಕೂರಲು ಬಿಡುವುದಿಲ್ಲ. ಹಾಗಾಗಿ ಮೂರು ಅಂಕದ ಮೇಲೆ ಒಬ್ಬರ ಒಂದು ವರ್ಷ ನಿಂತಿರುವುದು ಅಪರೂಪವೇನಲ್ಲ.

ಆ ಸಲದ ಪ್ರಶ್ನೆಯಲ್ಲಿ ಈ ಬೈನರಿ ಟ್ರೀ ಇತ್ತು.

```
            40
          /    \
        20      60
       /  \       \
     10    50      30
          /       /
        35      80
```

ಈ ಮರ ತಲೆಕೆಳಗು. ಬೇರು ಮೇಲಿದೆ, ಎಲೆಗಳು ಕೆಳಗಿವೆ. ಗೀತೆಯ ಅಶ್ವತ್ಥ ಮರದ ಕಲ್ಪನೆ ಗೊತ್ತಿರುವ ನಮಗೆ ಇದು ಹೊಸತೇನಲ್ಲ. ಪ್ರತಿ ಸಂಖ್ಯೆಯೂ ಒಂದು ನೋಡ್. ಪ್ರತಿ ನೋಡ್‌ಗೆ ಹೆಚ್ಚೆಂದರೆ ಎರಡು ಮಕ್ಕಳು, ಒಂದು ಎಡಕ್ಕೆ, ಒಂದು ಬಲಕ್ಕೆ. 10, 35, 80ಕ್ಕೆ ಮಕ್ಕಳಿಲ್ಲ, ಆದ್ದರಿಂದ ಅವು ಎಲೆಗಳು. ಪ್ರತಿ ನೋಡನ್ನೂ ಒಂದೇ ಒಂದು ಸಲ ಮುಟ್ಟಿ ಬರುವುದಕ್ಕೆ ಟ್ರಾವರ್ಸಲ್ ಎನ್ನುತ್ತಾರೆ. ತಾಯಿಯನ್ನು ಮೊದಲು ಬರೆದು, ಆಮೇಲೆ ಎಡದ ಕೊಂಬೆ ಪೂರ್ತಿ, ಆಮೇಲೆ ಬಲದ ಕೊಂಬೆ ಪೂರ್ತಿ ಬರೆದರೆ ಅದು ಪ್ರಿಆರ್ಡರ್. ಎಡ, ತಾಯಿ, ಬಲ ಎಂದರೆ ಇನ್‌ಆರ್ಡರ್. ಎಡ, ಬಲ, ಕೊನೆಗೆ ತಾಯಿ ಎಂದರೆ ಪೋಸ್ಟ್‌ಆರ್ಡರ್. ಕೊಂಬೆಗಳ ಗೊಡವೆಯಿಲ್ಲದೆ ಮೇಲಿನಿಂದ ಸಾಲು ಸಾಲಾಗಿ ಬರೆದರೆ ಲೆವೆಲ್ ಆರ್ಡರ್. ಸರಿಯುತ್ತರಗಳು ಇವು:

```
pre    40 20 10 50 35 60 30 80
in     10 20 35 50 40 60 80 30
post   10 35 50 20 80 30 60 40
level  40 20 60 10 50 30 35 80
```

ಪ್ರಿಆರ್ಡರ್ ಮತ್ತು ಪೋಸ್ಟ್‌ಆರ್ಡರನ್ನು ಸ್ಟ್ಯಾಕ್ ಬಳಸಿ, ಲೆವೆಲ್ ಆರ್ಡರನ್ನು ಕ್ಯೂ ಬಳಸಿ, ಪ್ರತಿ ಹೆಜ್ಜೆಯಲ್ಲಿ ಅದರೊಳಗೆ ಏನಿದೆ ಎಂದು ತೋರಿಸುತ್ತಾ ಬರೆಯಬೇಕಿತ್ತು. ಹೆಜ್ಜೆಗಳಿಗೆ ಮೂರು ಅಂಕ, ಕೊನೆಯ ಸಾಲಿಗೆ ಎರಡು. ಇನ್‌ಆರ್ಡರಿಗೆ ಬರೀ ಉತ್ತರ ಸಾಕಿತ್ತು.

ಬರೆದು ಮುಗಿಸಿದ ಉತ್ತರ ಸರಿಯಿದೆಯೇ ಎಂದು ಥಟ್ಟನೆ ನೋಡಿಕೊಳ್ಳಲು ಕೆಲವು ಗುರುತುಗಳಿವೆ. ಪ್ರಿಆರ್ಡರಿನಲ್ಲಿ ರೂಟ್ ಮೊದಲಿಗಿರಬೇಕು, ಪೋಸ್ಟ್‌ಆರ್ಡರಿನಲ್ಲಿ ಕೊನೆಗೆ. ಇನ್‌ಆರ್ಡರಿನಲ್ಲಿ ರೂಟಿನ ಎಡಕ್ಕೆ ಎಡಗೊಂಬೆಯ ನಾಲ್ಕೂ ಸಂಖ್ಯೆಗಳು, ಬಲಕ್ಕೆ ಬಲಗೊಂಬೆಯ ಮೂರೂ ಇರಬೇಕು. ಇವೆಲ್ಲಕ್ಕಿಂತ ನನಗೆ ಇಷ್ಟವಾದ ಗುರುತು ಎಲೆಗಳದ್ದು. ಪ್ರಿ, ಇನ್, ಪೋಸ್ಟ್ ಮೂರರಲ್ಲೂ ಎಲೆಗಳು ಎಡದಿಂದ ಬಲಕ್ಕೆ ಅದೇ ಅನುಕ್ರಮದಲ್ಲಿ ಬರುತ್ತವೆ. ಮೇಲಿನ ಮೊದಲ ಮೂರು ಸಾಲುಗಳಲ್ಲಿ 10, 35, 80ರ ಮೇಲೆ ಬೆರಳಿಟ್ಟು ನೋಡಿ. ಕಾರಣ ಸರಳ. ಈ ಮೂರು ಬಗೆಗಳಲ್ಲಿ ಬದಲಾಗುವುದು ತಾಯಿಯನ್ನು ಯಾವಾಗ ಬರೆಯುತ್ತೇವೆ ಎನ್ನುವುದು ಮಾತ್ರ. ಎಡ ಯಾವತ್ತೂ ಬಲಕ್ಕಿಂತ ಮುಂಚೆ. ಎಲೆಗೆ ಮಕ್ಕಳೇ ಇಲ್ಲವಾದ್ದರಿಂದ ಆ ಬದಲಾವಣೆ ಅದನ್ನು ತಟ್ಟುವುದಿಲ್ಲ. ಲೆವೆಲ್ ಆರ್ಡರಿಗೆ ಈ ಗುರುತು ನಡೆಯುವುದಿಲ್ಲ. ಈ ಮರದಲ್ಲಿ ಅಲ್ಲೂ 10, 35, 80 ಎಂದೇ ಬಂದಿದೆ, ಆದರೆ ಅದು ಕಾಕತಾಳೀಯ. ಎಡಗಡೆಯ ಎಲೆ ಆಳದಲ್ಲಿದ್ದು ಬಲಗಡೆಯದು ಮೇಲೆಯೇ ಇದ್ದರೆ ಬಲದ್ದು ಮೊದಲು ಬಂದುಬಿಡುತ್ತದೆ.

ಈ ಗುರುತುಗಳು ಉತ್ತರ ತಪ್ಪಿದೆ ಎಂದು ಹೇಳಬಲ್ಲವು. ಎಲ್ಲಿ ತಪ್ಪಿತು ಎಂದು ಹೇಳಲಾರವು. ಅದಕ್ಕೆ ಕೈಯಲ್ಲಿ ಟ್ರೇಸ್ ಮಾಡಲೇಬೇಕು. ಅಂದರೆ ಪೆನ್ಸಿಲ್ ಹಿಡಿದು, ಯಂತ್ರ ಮಾಡುವುದನ್ನು ಯಂತ್ರದಷ್ಟೇ ಮಂದವಾಗಿ, ಒಂದು ಹೆಜ್ಜೆಯನ್ನೂ ಹಾರಿಸದೆ ಮಾಡಬೇಕು. ಪ್ರಿಆರ್ಡರಿನ ಪ್ರೋಗ್ರಾಮಿನ ತಿರುಳು ಇಷ್ಟು:

```c
push(root);
while (!empty()) {
    t = pop();
    printf("%d ", t->data);
    if (t->right) push(t->right);
    if (t->left)  push(t->left);
}
```

ಸ್ಟ್ಯಾಕ್ ಎಂದರೆ ಹೋಟೆಲಿನಲ್ಲಿ ಒಂದರ ಮೇಲೊಂದು ಇಟ್ಟ ತಟ್ಟೆಗಳ ಅಟ್ಟಿ. ಕೊನೆಗೆ ಇಟ್ಟದ್ದು ಮೊದಲು ಕೈಗೆ ಬರುತ್ತದೆ. ಆದ್ದರಿಂದ ಎಡ ಮೊದಲು ಬರಬೇಕಾದರೆ ಎಡವನ್ನು ಕೊನೆಗೆ ಇಡಬೇಕು. ಕೊನೆಯ ಎರಡು ಸಾಲುಗಳಲ್ಲಿ ಬಲ ಮೊದಲು, ಎಡ ಆಮೇಲೆ ಇರುವುದು ಇದಕ್ಕೇ. ಈಗ ಟ್ರೇಸ್ ಮಾಡೋಣ. ಪ್ರತಿ ಸಾಲಿನಲ್ಲಿ ಎಡಕ್ಕೆ ಹೊರಬಂದ ಸಂಖ್ಯೆ, ಬಲಕ್ಕೆ ಅದರ ಮಕ್ಕಳನ್ನು ಇಟ್ಟ ಮೇಲೆ ಸ್ಟ್ಯಾಕಿನಲ್ಲಿ ಉಳಿದಿರುವುದು. ಸ್ಟ್ಯಾಕಿನ ಬಲತುದಿಯೇ ಅದರ ಮೇಲುಭಾಗ.

```
40 | 60 20
20 | 60 50 10
10 | 60 50
50 | 60 35
35 | 60
60 | 30
30 | 80
80 |
```

ಎಡದ ಕಂಬವನ್ನು ಮೇಲಿನಿಂದ ಕೆಳಗೆ ಓದಿದರೆ ಉತ್ತರ ಸಿಕ್ಕಿತು. ಎಂಟು ನೋಡ್, ಎಂಟು ಸಾಲು. ಪ್ರತಿಯೊಂದೂ ಒಂದು ಸಲ ಒಳಗೆ ಹೋಯಿತು, ಒಂದು ಸಲ ಹೊರಗೆ ಬಂತು. ಸಾಲುಗಳು ಏಳೇ ಆಗಿದ್ದರೆ ಯಾವುದೋ ಮಗು ಕೈಬಿಟ್ಟುಹೋಗಿದೆ. ಒಳಗೆ ಹೋಗದ ಸಂಖ್ಯೆ ಹೊರಗೆ ಬಂದಿದ್ದರೆ ವಿದ್ಯಾರ್ಥಿ ಸ್ಟ್ಯಾಕ್ ಬಿಟ್ಟು ಚಿತ್ರ ನೋಡಿ ಬರೆದಿದ್ದಾನೆ, ಟ್ರೇಸನ್ನು ಆಮೇಲೆ ಉತ್ತರಕ್ಕೆ ಹೊಂದಿಸಿದ್ದಾನೆ. ಹಾಗೆ ಹೊಂದಿಸಿದ ಟ್ರೇಸ್ ಸಾಮಾನ್ಯವಾಗಿ ನಡುವೆ ಎಲ್ಲೋ ಒಂದು ಕಡೆ ಸಿಕ್ಕಿಬೀಳುತ್ತದೆ. ಬಹಳಷ್ಟು ಸಲ ಅದು 10 ಬಂದ ಮೇಲೆ 50 ಬರುವ ಹೆಜ್ಜೆಯಲ್ಲಿ. ಏಕೆಂದರೆ ಚಿತ್ರ ನೋಡಿದರೆ ಅಲ್ಲಿ ಹಿಂದೆ 20ಕ್ಕೆ ಹತ್ತಿ ಮತ್ತೆ ಇಳಿಯಬೇಕು ಅನ್ನಿಸುತ್ತದೆ, ಸ್ಟ್ಯಾಕಿನಲ್ಲಿ ಮಾತ್ರ 50 ಆಗಲೇ ಕಾಯುತ್ತಾ ಕೂತಿರುತ್ತದೆ.

ಆ ಸಂಜೆ ತಿದ್ದುತ್ತಿದ್ದ ಬ್ಲೂ ಬುಕ್‌ಗಳಲ್ಲಿ ಒಂದೇ ಸಾಲು ನನಗೆ ಮೂರು ಕಡೆ ಸಿಕ್ಕಿತು. ಮೂವರೂ ಬೇರೆ ಬೇರೆ ಬೆಂಚಿನವರು, ಒಬ್ಬರದನ್ನೊಬ್ಬರು ನೋಡಿ ಬರೆಯುವ ಸಾಧ್ಯತೆಯಿರಲಿಲ್ಲ. ಅಷ್ಟೇ ಅಲ್ಲ, ಅವರು ಅದನ್ನು ಬರೆದದ್ದು ಬೇರೆ ಬೇರೆ ಪ್ರಶ್ನೆಗಳಿಗೆ. ಆ ಸಾಲು ಇದು:

```
40 60 30 80 20 50 35 10
```

ಒಬ್ಬಳು ಇದನ್ನು ಪ್ರಿಆರ್ಡರ್ ಎಂದು ಬರೆದಿದ್ದಳು. ರೂಟ್ ಮೊದಲಿಗಿದೆ, ಎಂಟೂ ಸಂಖ್ಯೆಗಳಿವೆ. ಆದರೆ ಎಲೆಗಳ ಗುರುತು ಹಿಡಿದರೆ 80, 35, 10, ಪೂರ್ತಿ ತಿರುಗುಮುರುಗು. ಎಡಬಲ ಅದಲುಬದಲಾಗಿದೆ ಎಂದು ಅಲ್ಲಿಗೇ ತಿಳಿಯಿತು. ಟ್ರೇಸಿನ ಮೊದಲ ಸಾಲು ನೋಡಿದೆ. 40 ಹೊರಬಂದ ಮೇಲೆ ಸ್ಟ್ಯಾಕಿನಲ್ಲಿ 20, ಅದರ ಮೇಲೆ 60. ಎಡವನ್ನು ಮೊದಲು ಇಟ್ಟಿದ್ದಾಳೆ. ಓದುವ ಅನುಕ್ರಮ ಎಡ, ಬಲ ಎಂದಿರುವುದರಿಂದ ಇಡುವ ಅನುಕ್ರಮವೂ ಅದೇ ಎಂದುಕೊಂಡಿದ್ದಾಳೆ. ಅಲ್ಲಿಂದ ಮುಂದಿನ ಏಳು ಹೆಜ್ಜೆಗಳನ್ನು, ತನ್ನ ಆ ಒಂದು ತಪ್ಪಿಗೆ ನಿಷ್ಠೆಯಿಂದ, ಒಂದೂ ಬಿಡದೆ ಸರಿಯಾಗಿ ಮಾಡಿದ್ದಾಳೆ. ತೆಗೆಯುವುದು ಸರಿ, ಇಡುವುದು ತಪ್ಪು.

ಇನ್ನೊಬ್ಬ ಅದೇ ಸಾಲನ್ನು ಲೆವೆಲ್ ಆರ್ಡರ್ ಎಂದು ಬರೆದಿದ್ದ. ಲೆವೆಲ್ ಆರ್ಡರಿಗೆ ಬೇಕಾದ್ದು ಕ್ಯೂ. ರೇಷನ್ ಅಂಗಡಿಯ ಮುಂದಿನ ಸಾಲಿನ ಹಾಗೆ, ಹಿಂದೆ ಬಂದು ಸೇರಬೇಕು, ಮುಂದಿನಿಂದ ಹೊರಡಬೇಕು. ಸರಿಯಾಗಿ ಮಾಡಿದ್ದರೆ 40 ಹೊರಟ ಮೇಲೆ ಕ್ಯೂನಲ್ಲಿ 20, 60 ಇರುತ್ತವೆ. 20 ಹೊರಟರೆ 60, 10, 50. ಆಮೇಲೆ 60 ಹೊರಟರೆ 10, 50, 30. ಈ ಹುಡುಗನೂ 40ರ ನಂತರ ಕ್ಯೂನಲ್ಲಿ 20, 60 ಎಂದು ಸರಿಯಾಗಿಯೇ ಬರೆದಿದ್ದ. ಆದರೆ ಮುಂದಿನ ಹೆಜ್ಜೆಯಲ್ಲಿ 20ರ ಬದಲು 60ನ್ನು ಹೊರಗೆ ಕಳಿಸಿದ್ದ. ಸೇರಿದ ತುದಿಯಿಂದಲೇ ತೆಗೆಯುತ್ತಾ ಹೋಗಿದ್ದ. ಪೆಟ್ಟಿಗೆಯ ಮೇಲೆ ಕ್ಯೂ ಎಂದು ಹೆಸರು ಬರೆದು ಒಳಗೆ ಸ್ಟ್ಯಾಕ್ ನಡೆಸಿದ್ದ. ಇಡುವುದು ಸರಿ, ತೆಗೆಯುವುದು ತಪ್ಪು.

ವಿಚಿತ್ರವೆಂದರೆ ಇವರಿಬ್ಬರ ಕೊನೆಯ ಸಾಲು ಮಾತ್ರವಲ್ಲ, ನಡುವಿನ ಚಿತ್ರಗಳೂ ಅಂಕಿಗೆ ಅಂಕಿ ಒಂದೇ. ಒಂದರ ಮೇಲೆ ಇನ್ನೊಂದನ್ನು ಇಟ್ಟರೆ ಕೂಡಿಕೊಳ್ಳುತ್ತವೆ. ಆದರೂ ಅವಳಿಗೆ ಹೇಳಬೇಕಾದದ್ದು ‘ಆ ಎರಡು ಸಾಲುಗಳನ್ನು ಅದಲುಬದಲು ಮಾಡು’ ಎಂದು, ಇವನಿಗೆ ಹೇಳಬೇಕಾದದ್ದು ‘ಮುಂದಿನಿಂದ ತೆಗೆ’ ಎಂದು. ಅವಳಿಗೆ ಹೇಳುವುದನ್ನು ಇವನಿಗೆ ಹೇಳಿದರೆ ಏನಾಗುತ್ತದೆ ನೋಡಿ. ಬಲವನ್ನು ಮೊದಲು ಇಟ್ಟು, ಸೇರಿದ ತುದಿಯಿಂದಲೇ ತೆಗೆಯುತ್ತಾನೆ. ಆಗ ಅವನಿಗೆ ಸಿಗುವುದು ಪ್ರಿಆರ್ಡರ್. ಮತ್ತೂ ತಪ್ಪು, ಈ ಸಲ ಯಾಕೆ ಎಂದು ಅವನಿಗೇ ತಿಳಿಯದ ತಪ್ಪು.

ಮೂರನೆಯವನ ಪುಸ್ತಿಕೆ ನನ್ನ ಪಾಲಿನದಲ್ಲ. ಅದನ್ನು ಮೊದಲು ತಿದ್ದಿದವರು ನನ್ನ ಜೊತೆಯ ಇನ್ನೊಬ್ಬ ಸಂಶೋಧಕರು. ಪೋಸ್ಟ್‌ಆರ್ಡರಿಗೆ ಅವರು ಸೊನ್ನೆ ಕೊಟ್ಟಿದ್ದರು. ಪೋಸ್ಟ್‌ಆರ್ಡರಿನಲ್ಲಿ 40 ಕೊನೆಗೆ ಬರಬೇಕು, ಇಲ್ಲಿ ಮೊದಲಿಗಿದೆ. ಸ್ಕೀಮ್‌ನಲ್ಲಿದ್ದ ಟ್ರೇಸಿಗೂ ಈ ಟ್ರೇಸಿಗೂ ತಾಳೆಯಿಲ್ಲ. ಕೊನೆಯ ಸಾಲು ಮಾತ್ರ ನೋಡುವವರಿಗೆ ಇದಕ್ಕಿಂತ ಸ್ಪಷ್ಟವಾದ ತಪ್ಪು ಬೇಕಿಲ್ಲ. ಹುಡುಗ ಡಿಪ್ಲೊಮಾ ಮುಗಿಸಿ ಲ್ಯಾಟರಲ್ ಎಂಟ್ರಿಯಲ್ಲಿ ನೇರ ಮೂರನೇ ಸೆಮಿಸ್ಟರಿಗೆ ಬಂದವನು. ಕನಿಷ್ಠ ಅಂಕಕ್ಕೆ ಅವನಿಗೆ ಎರಡು ಕಡಿಮೆ ಬಿದ್ದಿತ್ತು. ಬ್ಲೂ ಬುಕ್ ತೋರಿಸುವ ದಿನ ಅದನ್ನು ಹಿಡಿದುಕೊಂಡು ನಮ್ಮಿಬ್ಬರ ಮೇಜಿನ ಹತ್ತಿರ ಬಂದ.

“ಹೇಳಪ್ಪ,” ಎಂದೆ.

“ಮೇಡಂ, ಇದು ಉತ್ತರ ಅಲ್ಲ. ಇದು ಎರಡನೇ ಸ್ಟ್ಯಾಕು. ಇದರಿಂದ ತೆಗೆಯೋದು ಬಾಕಿ ಇತ್ತು, ಅಷ್ಟರಲ್ಲಿ ಬೆಲ್ ಆಯ್ತು.”

ಪೋಸ್ಟ್‌ಆರ್ಡರನ್ನು ಎರಡು ಸ್ಟ್ಯಾಕ್‌ಗಳಿಂದ ಮಾಡುವ ಒಂದು ವಿಧಾನವಿದೆ. ಮೊದಲ ಸ್ಟ್ಯಾಕಿನಲ್ಲಿ ಬೇಕೆಂದೇ ಎಡವನ್ನು ಮೊದಲು, ಬಲವನ್ನು ಆಮೇಲೆ ಇಡುತ್ತಾರೆ. ಹೊರಬಂದದ್ದನ್ನು ಬರೆಯುವ ಬದಲು ಎರಡನೆಯ ಸ್ಟ್ಯಾಕಿಗೆ ಹಾಕುತ್ತಾರೆ. ಹೊರಬರುವ ಅನುಕ್ರಮ ತಾಯಿ, ಬಲ, ಎಡ. ಎರಡನೆಯ ಸ್ಟ್ಯಾಕ್ ಅದನ್ನು ಹಿಂದುಮುಂದು ಮಾಡಿ ಕೊಡುತ್ತದೆ: ಎಡ, ಬಲ, ತಾಯಿ. ಅದೇ ಪೋಸ್ಟ್‌ಆರ್ಡರ್. ಮೇಲಿನ ಸಾಲನ್ನು ಬಲದಿಂದ ಎಡಕ್ಕೆ ಓದಿ: 10, 35, 50, 20, 80, 30, 60, 40. ಸರಿಯುತ್ತರ ಪೂರ್ತಿ ಅದರೊಳಗೇ ಇದೆ. ಸ್ಕೀಮ್‌ನಲ್ಲಿದ್ದದ್ದು ಒಂದೇ ಸ್ಟ್ಯಾಕಿನ ವಿಧಾನ. ಪ್ರಶ್ನೆಯಲ್ಲಿ ಮಾತ್ರ ಸ್ಟ್ಯಾಕ್ ಬಳಸಿ ಎಂದಿತ್ತೇ ಹೊರತು ಎಷ್ಟು ಎಂದಿರಲಿಲ್ಲ.

ಜೊತೆಯವರು ಒಪ್ಪಲಿಲ್ಲ. ಅವರ ಮಾತಿನಲ್ಲೂ ನ್ಯಾಯವಿತ್ತು. ಇದೇ ಸಾಲನ್ನು ತಪ್ಪಾಗಿ ಬರೆದ ಇಬ್ಬರನ್ನು ನಾನೇ ಅವರಿಗೆ ತೋರಿಸಿದ್ದೆ. ಇವನೂ ಪ್ರಿಆರ್ಡರಿನ ಹುಡುಗಿಯ ಹಾಗೆ ಎಡಬಲ ಕಲಸಿಕೊಂಡು, ಆಮೇಲೆ ರೂಮಿನಲ್ಲಿ ಯಾರಿಂದಲೋ ಎರಡು ಸ್ಟ್ಯಾಕಿನ ವಿಷಯ ತಿಳಿದುಕೊಂಡು ಬಂದಿಲ್ಲ ಎನ್ನುವುದು ಹೇಗೆ ಗೊತ್ತು? ಪರೀಕ್ಷೆ ಮುಗಿದ ಮೇಲೆ ಯಾರು ಏನು ಬೇಕಾದರೂ ಹೇಳಬಹುದು. ಪುಸ್ತಿಕೆಯಲ್ಲಿ ಇರುವುದಕ್ಕಷ್ಟೇ ಅಂಕ.

ಹಾಗಾದರೆ ಪುಸ್ತಿಕೆಯಲ್ಲಿ ಏನಿದೆ ಎಂದು ನೋಡೋಣ ಎಂದೆ. ಮೂವರೂ ಬಗ್ಗಿ ನೋಡಿದೆವು. ಆ ಪುಟದಲ್ಲಿ ಎರಡು ಕಂಬಗಳಿದ್ದವು. ಪ್ರತಿ ಹೆಜ್ಜೆಯಲ್ಲೂ ಹೊರಬಂದ ಸಂಖ್ಯೆಯಿಂದ ಬಲದ ಕಂಬಕ್ಕೆ ಒಂದು ಪುಟ್ಟ ಬಾಣ. ಬಲದ ಕಂಬ ಹೆಜ್ಜೆ ಹೆಜ್ಜೆಗೂ ಬೆಳೆಯುತ್ತಾ ಹೋಗಿತ್ತು, ಎಲ್ಲೂ ಕುಗ್ಗಿರಲಿಲ್ಲ. ಉತ್ತರವನ್ನು ಬರೆದುಕೊಳ್ಳುತ್ತಾ ಹೋಗುವವರೂ ಹೀಗೆ ಬರೆಯಬಹುದು, ಆದ್ದರಿಂದ ಇಷ್ಟೇ ಸಾಕ್ಷಿಯಾಗುವುದಿಲ್ಲ. ಸಾಕ್ಷಿ ಇದ್ದದ್ದು ಹಿಂದಿನ ಪುಟದಲ್ಲಿ, ಅವನದೇ ಪ್ರಿಆರ್ಡರ್ ಉತ್ತರದಲ್ಲಿ. ಅಲ್ಲಿ 40 ಹೊರಬಂದ ಮೇಲೆ ಸ್ಟ್ಯಾಕಿನಲ್ಲಿ 60, ಅದರ ಮೇಲೆ 20. ಬಲ ಮೊದಲು, ಎಡ ಆಮೇಲೆ. ಎಂಟೂ ಹೆಜ್ಜೆ ಸರಿ, ಪೂರ್ಣ ಅಂಕ ಬಂದಿದೆ. ಇಡುವ ಅನುಕ್ರಮ ಗೊತ್ತಿಲ್ಲದವನು ಎರಡು ಕಡೆಯೂ ಒಂದೇ ತಪ್ಪು ಮಾಡುತ್ತಾನೆ. ಇವನು ಒಂದು ಪುಟದಲ್ಲಿ ಬಲ ಮೊದಲು ಇಟ್ಟು, ಪುಟ ತಿರುಗಿಸಿ, 40, 20ರಂಥ ಪ್ರತಿ ಕವಲಿನಲ್ಲೂ ಎಡ ಮೊದಲು ಇಟ್ಟಿದ್ದಾನೆ. ಕೈತಪ್ಪಿ ಹಾಗಾಗುವುದಿಲ್ಲ.

ಜೊತೆಯವರು ಸ್ವಲ್ಪ ಹೊತ್ತು ಎರಡೂ ಪುಟಗಳನ್ನು ಹಿಂದಕ್ಕೂ ಮುಂದಕ್ಕೂ ತಿರುಗಿಸಿದರು. ಆಮೇಲೆ ತಮ್ಮ ಪೆನ್ನಿನಿಂದಲೇ ಸೊನ್ನೆ ಹೊಡೆದು ಮೂರು ಎಂದು ಬರೆದು ಸಹಿ ಹಾಕಿದರು. ಹೆಜ್ಜೆಗಳ ಮೂರು ಅಂಕ. ಕೊನೆಯ ಸಾಲಿನ ಎರಡು ಅಂಕ ಕೊಡಲಿಲ್ಲ, ಏಕೆಂದರೆ ಕೊನೆಯ ಸಾಲು ಬರೆದೇ ಇರಲಿಲ್ಲ. ಅವನೂ ಕೇಳಲಿಲ್ಲ.

ಇನ್‌ಆರ್ಡರಿಗೆ ಹೆಜ್ಜೆ ತೋರಿಸಬೇಕಿರಲಿಲ್ಲವಲ್ಲ, ಅಲ್ಲಿ ಈ ಬಗೆಯ ಪತ್ತೇದಾರಿಗೆ ದಾರಿಯೇ ಇಲ್ಲ ಅನ್ನಿಸಬಹುದು. ಆದರೆ ಅಲ್ಲೂ ತಪ್ಪುಗಳಿಗೆ ಮುಖವಿದೆ. ತುಂಬಾ ಜನ 10, 20, 30, 35, 40, 50, 60, 80 ಎಂದು ಬರೆದಿದ್ದರು. ಇದು ಟ್ರಾವರ್ಸಲ್ಲೇ ಅಲ್ಲ, ಏರಿಕೆಯ ಜೋಡಣೆ. ಬೈನರಿ ಸರ್ಚ್ ಟ್ರೀಯ ಪಾಠದಲ್ಲಿ ಇನ್‌ಆರ್ಡರ್ ಎಂದರೆ ಏರಿಕೆಯ ಕ್ರಮ ಎಂದು ಕೇಳಿ, ಅದನ್ನು ಎಲ್ಲ ಮರಕ್ಕೂ ಅಂಟಿಸಿದವರು ಇವರು. ಸರ್ಚ್ ಟ್ರೀಯಲ್ಲಿ ಎಡಗೊಂಬೆಯದೆಲ್ಲ ತಾಯಿಗಿಂತ ಚಿಕ್ಕದು, ಬಲಗೊಂಬೆಯದೆಲ್ಲ ದೊಡ್ಡದು ಇರಬೇಕು. ಇಲ್ಲಿ 50 ಇರುವುದು 40ರ ಎಡಕ್ಕೆ. ಇದು ಸರ್ಚ್ ಟ್ರೀ ಅಲ್ಲ.

ಇನ್ನು ನಾಲ್ಕೈದು ಜನರದ್ದು ಬೇರೆ. ಅವರ ಪ್ರಿ, ಪೋಸ್ಟ್, ಲೆವೆಲ್ ಮೂರೂ ಸರಿ. ಇನ್‌ಆರ್ಡರ್ ಮಾತ್ರ ಹೀಗಿತ್ತು:

```
10 20 35 50 40 80 30 60
```

ಎಡಗೊಂಬೆ ಪೂರ್ತಿ ಸರಿ, ರೂಟ್ ಸರಿ, ಬಲದಲ್ಲಿ 60 ಮಾತ್ರ ಮೊದಲಿನ ಬದಲು ಕೊನೆಗೆ ಹೋಗಿದೆ. ಎಡಗೊಂಬೆಯನ್ನು ಸರಿಯಾಗಿ ಮಾಡಿದವರಿಗೆ ಬಲಗೊಂಬೆಗೆ ಬಂದಾಗ ಇನ್‌ಆರ್ಡರ್ ಮರೆತುಹೋಗುವುದಿಲ್ಲ. ಅವರು ತಮ್ಮ ಪುಸ್ತಿಕೆಗೆ ಇಳಿಸಿಕೊಂಡ ಮರವನ್ನು ನೋಡಿದೆ. 60ರಿಂದ 30ಕ್ಕೆ ಎಳೆದ ಗೆರೆ ಬಲಕ್ಕೆ ವಾಲುವ ಬದಲು ನೆಟ್ಟಗೆ ಕೆಳಗೆ ಇಳಿದಿತ್ತು. ಒಬ್ಬಳದ್ದು ಕೊಂಚ ಎಡಕ್ಕೇ ವಾಲಿತ್ತು. ಆಮೇಲೆ ತಮ್ಮದೇ ಚಿತ್ರ ನೋಡಿ 30ನ್ನು 60ರ ಎಡಮಗು ಎಂದು ಓದಿಕೊಂಡಿದ್ದಾರೆ. ಆ ಮರಕ್ಕೆ ಅವರ ಉತ್ತರ ಪೂರ್ತಿ ಸರಿ.

ಹಾಗಾದರೆ ಉಳಿದ ಮೂರು ಉತ್ತರಗಳಲ್ಲಿ ಆ ತಪ್ಪು ಯಾಕೆ ಕಾಣಿಸಲಿಲ್ಲ? ಒಂಟಿ ಮಗು ಎಡಕ್ಕಿದ್ದರೂ ಬಲಕ್ಕಿದ್ದರೂ ಪ್ರಿಆರ್ಡರಿನಲ್ಲಿ ತಾಯಿಯ ನಂತರವೇ ಬರುತ್ತದೆ, ಪೋಸ್ಟ್‌ಆರ್ಡರಿನಲ್ಲಿ ತಾಯಿಗಿಂತ ಮುಂಚೆಯೇ ಬರುತ್ತದೆ, ಲೆವೆಲ್ ಆರ್ಡರಿನಲ್ಲಿ ಅದೇ ಸಾಲಿನ ಅದೇ ಜಾಗದಲ್ಲಿ ಬರುತ್ತದೆ. ಇನ್‌ಆರ್ಡರಿನಲ್ಲಿ ಮಾತ್ರ ತಾಯಿ ನಡುವೆ ನಿಲ್ಲುವುದರಿಂದ ಮಗು ಯಾವ ಕಡೆಯದು ಎಂದು ತಿಳಿಯುತ್ತದೆ. ಈ ಮರದಲ್ಲಿ 60, 50, 30 ಮೂರಕ್ಕೂ ಒಂಟಿ ಮಗು. ಒಂದೊಂದನ್ನೂ ಎಡಕ್ಕೋ ಬಲಕ್ಕೋ ಇಟ್ಟರೆ ಒಟ್ಟು ಎಂಟು ಬೇರೆ ಬೇರೆ ಮರಗಳಾಗುತ್ತವೆ, ಎಂಟಕ್ಕೂ ಪ್ರಿ, ಪೋಸ್ಟ್ ಮತ್ತು ಲೆವೆಲ್ ಆರ್ಡರ್ ಒಂದೇ. ಪ್ರಿ ಮತ್ತು ಪೋಸ್ಟ್ ಕೊಟ್ಟು ಮರ ಬರೆಯಿರಿ ಎಂದು ಕೇಳಿದರೆ ಒಂದೇ ಉತ್ತರ ಬರುವುದಿಲ್ಲ, ಇನ್‌ಆರ್ಡರ್ ಜೊತೆಗಿರಬೇಕು ಎಂದು ಪಾಠದಲ್ಲಿ ಹೇಳುವುದು ಇದನ್ನೇ.

ಸ್ಟ್ಯಾಕ್, ಕ್ಯೂಗಳ ಒಳಗಿನ ಸ್ಥಿತಿಯೂ ಹೀಗೆಯೇ ಎರಡು ಕಥೆ ಹೇಳುವುದುಂಟು. ಅದೇ ಪತ್ರಿಕೆಯಲ್ಲಿ ಸರ್ಕ್ಯುಲರ್ ಕ್ಯೂ ಮೇಲೆ ಒಂದು ಪ್ರಶ್ನೆಯಿತ್ತು. 0ರಿಂದ 4ರವರೆಗೆ ಐದು ಮನೆಗಳು. `front` ಮುಂದೆ ಹೊರಡಬೇಕಾದವರ ಮನೆಯನ್ನು, `rear` ಮುಂದೆ ಬರುವವರು ಕೂರುವ ಖಾಲಿ ಮನೆಯನ್ನು ತೋರಿಸುತ್ತವೆ. ಆರಂಭದಲ್ಲಿ ಎರಡೂ 0. 10, 20, 30, 40 ಸೇರುತ್ತವೆ, `rear` 4ಕ್ಕೆ ಬರುತ್ತದೆ. ಎರಡು ಹೊರಡುತ್ತವೆ, `front` 2ಕ್ಕೆ ಬರುತ್ತದೆ. 50 ನಾಲ್ಕನೇ ಮನೆಯಲ್ಲಿ ಕೂರುತ್ತದೆ, `rear` ಸುತ್ತಿಕೊಂಡು 0 ಆಗುತ್ತದೆ. 60 ಸೊನ್ನೆಯ ಮನೆಯಲ್ಲಿ ಕೂರುತ್ತದೆ, `rear` 1 ಆಗುತ್ತದೆ. ಈಗ 70 ಬಂದರೆ?

ಅರ್ಧ ತರಗತಿ ಜಾಗವಿಲ್ಲ ಎಂದು ಬರೆದಿತ್ತು, ಅರ್ಧ ತರಗತಿ ಒಂದನೇ ಮನೆಯಲ್ಲಿ ಕೂರಿಸಿತ್ತು. ಆ ಮನೆ ಖಾಲಿಯಿರುವುದು ನಿಜ. ಆದರೆ ಕೂರಿಸಿದರೆ `rear` 2 ಆಗುತ್ತದೆ, `front` ಕೂಡ 2. ಆರಂಭದಲ್ಲಿ ಕ್ಯೂ ಖಾಲಿಯಿದ್ದಾಗಲೂ ಎರಡೂ ಒಂದೇ ಆಗಿದ್ದವಲ್ಲ! ಪೂರ್ತಿ ತುಂಬಿದ ಕ್ಯೂ, ಪೂರ್ತಿ ಖಾಲಿಯಾದ ಕ್ಯೂ, ಇವೆರಡೂ ಈ ಎರಡು ಅಂಕಿಗಳಲ್ಲಿ ಒಂದೇ ಥರ ಕಾಣುತ್ತವೆ. ಇದರಿಂದ ತಪ್ಪಿಸಿಕೊಳ್ಳಲು ಕೆಲವರು ಒಂದು ಮನೆಯನ್ನು ಬೇಕೆಂದೇ ಖಾಲಿ ಬಿಟ್ಟು, `(rear + 1) % 5 == front` ಆದ ಕೂಡಲೇ ತುಂಬಿತು ಎನ್ನುತ್ತಾರೆ. ಅವರ ಲೆಕ್ಕದಲ್ಲಿ 70ಕ್ಕೆ ಜಾಗವಿಲ್ಲ. ಇನ್ನು ಕೆಲವರು ಒಳಗೆ ಎಷ್ಟಿವೆ ಎಂದು `count` ಬೇರೆಯಾಗಿ ಇಟ್ಟುಕೊಳ್ಳುತ್ತಾರೆ. ಅವರ ಲೆಕ್ಕದಲ್ಲಿ ಜಾಗವಿದೆ. ಎರಡೂ ಸರಿ. ಯಾವುದನ್ನು ಹಿಡಿದಿದ್ದೇನೆ ಎಂದು ಮೊದಲ ಸಾಲಿನಲ್ಲಿ ಬರೆದವರಿಗೆ ಯಾವ ಉತ್ತರಕ್ಕಾದರೂ ಪೂರ್ಣ ಅಂಕ ಸಿಕ್ಕಿತು. ನಡುವೆ ಒಂದರಿಂದ ಇನ್ನೊಂದಕ್ಕೆ ಹಾರಿದವರಿಗೆ ಸಿಗಲಿಲ್ಲ.

ಹೆಸರುಗಳೂ ನಿಂತ ನೀರೇನಲ್ಲ. ಡೊನಾಲ್ಡ್ ಕ್ನೂತ್ ಅವರ ‘ದಿ ಆರ್ಟ್ ಆಫ್ ಕಂಪ್ಯೂಟರ್ ಪ್ರೋಗ್ರಾಮಿಂಗ್’ ಗ್ರಂಥದ ಮೊದಲ ಸಂಪುಟ 1968ರಲ್ಲಿ ಬಂದಾಗ, ನಾವಿಂದು ಇನ್‌ಆರ್ಡರ್ ಎನ್ನುವುದನ್ನು ಅವರು ಪೋಸ್ಟ್‌ಆರ್ಡರ್ ಎಂದು ಕರೆದಿದ್ದರು. ಇಂದಿನ ಪೋಸ್ಟ್‌ಆರ್ಡರಿಗೆ ಅವರ ಹೆಸರು ಎಂಡ್‌ಆರ್ಡರ್. ಮುಂದಿನ ಆವೃತ್ತಿಯಲ್ಲಿ ಬದಲಾಯಿಸಿದರು. ಆ ಮೊದಲ ಆವೃತ್ತಿಯನ್ನು ಓದಿದವರೊಬ್ಬರು ನಮ್ಮ ಪರೀಕ್ಷೆಗೆ ಕೂತು, ಬರೀ ಕೊನೆಯ ಸಾಲು ಬರೆದು ಎದ್ದರೆ ಪೋಸ್ಟ್‌ಆರ್ಡರಿಗೆ ಸೊನ್ನೆ ಖಂಡಿತ. ‘ಎಡ, ತಾಯಿ, ಬಲ’ ಎಂದು ಪಕ್ಕದಲ್ಲಿ ಮೂರು ಪದ ಬರೆದಿದ್ದರೆ ಮಾತು ಬೇರೆ.

ಟ್ರೇಸ್ ಇದ್ದರೆ ಎಲ್ಲವೂ ತಿಳಿಯುತ್ತದೆ ಎಂದಲ್ಲ. ಅದೇ ಪರೀಕ್ಷೆಯಲ್ಲಿ ಒಬ್ಬಳು ಪೋಸ್ಟ್‌ಆರ್ಡರಿನ ಸರಿಯಾದ ಸಾಲನ್ನು ಬರೆದು, ಹೆಜ್ಜೆ ಒಂದನ್ನೂ ತೋರಿಸದೆ ಬಿಟ್ಟಿದ್ದಳು. ಒಂದು ಸ್ಟ್ಯಾಕೋ, ಎರಡೋ, ಚಿತ್ರ ನೋಡಿ ಬರೆದದ್ದೋ ಹೇಳುವಂತಿಲ್ಲ. ಐದರಲ್ಲಿ ಎರಡು ಬಂತು. ಅರ್ಧಕ್ಕೇ ನಿಂತ ಉತ್ತರಕ್ಕೆ ಮೂರು, ಪೂರ್ತಿ ಸರಿಯಿರುವ ನನ್ನದಕ್ಕೆ ಎರಡಾ ಎಂದು ಅವಳು ಕೇಳಿದಳು. ಕೇಳಬೇಕಾದ ಪ್ರಶ್ನೆಯೇ. ಪ್ರಶ್ನೆಪತ್ರಿಕೆಯಲ್ಲಿ ‘ಪ್ರತಿ ಹೆಜ್ಜೆಯಲ್ಲಿ ತೋರಿಸಿ’ ಎಂದಿದ್ದ ಪದಗಳ ಕೆಳಗೆ ಗೆರೆ ಎಳೆದು ತೋರಿಸಿದೆ. ಅವಳಿಗೆ ಸಮಾಧಾನವಾದಂತೆ ಕಾಣಲಿಲ್ಲ.

ಮುಂದಿನ ಇಂಟರ್ನಲ್ಸ್‌ಗೆ ಪತ್ರಿಕೆ ತಯಾರಿಸುವಾಗ ನಾವಿಬ್ಬರೂ ಕೂತು ಮೂರು ಬದಲಾವಣೆ ಮಾಡಿಸಿದೆವು. ಟ್ರೇಸಿಗೆ ‘ಹೊರಬಂದದ್ದು’, ‘ಒಳಗೆ ಹೋದದ್ದು’, ‘ಒಳಗೆ ಉಳಿದದ್ದು’ ಎಂಬ ಮೂರು ಕಂಬಗಳ ಖಾಲಿ ಕೋಷ್ಟಕವನ್ನು ಪ್ರಶ್ನೆಯ ಜೊತೆಗೇ ಅಚ್ಚು ಹಾಕಿಸಿದೆವು. ಸ್ಟ್ಯಾಕಿನ ಮೇಲುಭಾಗ ಯಾವ ಕಡೆ, ಕ್ಯೂನ ಮುಂಭಾಗ ಯಾವ ಕಡೆ ಎಂದು ಬಾಣ ಹಾಕಿ ಗುರುತಿಸಲು ಒಂದು ಜಾಗ ಬಿಡಿಸಿದೆವು. ಸ್ಕೀಮ್‌ನಲ್ಲಿ ಪೋಸ್ಟ್‌ಆರ್ಡರಿಗೆ ಎರಡೂ ವಿಧಾನಗಳ ಟ್ರೇಸ್ ಸೇರಿಸಿದೆವು. ಮರದ ಚಿತ್ರವನ್ನು ಬರೆದವರು ಜೊತೆಯವರು. ಒಂಟಿ ಮಗುವಿನ ಗೆರೆಗಳು ಬಲಕ್ಕೋ ಎಡಕ್ಕೋ ಎಂದು ಯಾರಿಗೂ ಅನುಮಾನ ಬರದಷ್ಟು ಓರೆಯಾಗಿರಲಿ ಎಂದು ಸ್ಕೇಲ್ ಇಟ್ಟು ಎಳೆದರು.